ಹಳದಿ ಹರಿಯುವ ಹಾಫ್ ಫ್ರೈ: ಟ್ರೇಯಿಂದ ಕಾವಲಿಯವರೆಗೆ ನಾನು ನೋಡಿಕೊಳ್ಳುವುದು

ಮೊಟ್ಟೆಯ ಹಳದಿ ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ ಮಂದವಾಗಲು ಶುರುವಾಗಿ, 70ರ ಹೊತ್ತಿಗೆ ಗಟ್ಟಿಯಾಗುತ್ತದೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕೆಲವೇ ಕ್ಷಣಗಳಲ್ಲಿ ಸಾಯಬೇಕಾದರೂ ಹೆಚ್ಚುಕಮ್ಮಿ ಅದೇ 70 ಡಿಗ್ರಿ ಬೇಕು. ಹಾಗಾಗಿ ಕಾವಲಿಯ ಮೇಲೆ ಎರಡು ನಿಮಿಷ ಇದ್ದು, ಹಳದಿ ಇನ್ನೂ ಹರಿಯುತ್ತಿರುವ ಹಾಫ್ ಫ್ರೈಯನ್ನು ಪೂರ್ತಿ ಬೆಂದದ್ದು ಎನ್ನಲಾಗದು. ಅದು ಎಷ್ಟು ಸುರಕ್ಷಿತ ಎಂಬುದು ಮೊಟ್ಟೆ ಒಡೆಯುವ ಮೊದಲೇ ಬಹುಪಾಲು ತೀರ್ಮಾನವಾಗಿರುತ್ತದೆ. ನಾನು ಹೆಚ್ಚು ಹೊತ್ತು ಕೊಡುವುದೂ ಆ ಭಾಗಕ್ಕೇ.

ಮೂವತ್ತರ ರಟ್ಟಿನ ಟ್ರೇ ಮನೆಗೆ ಬಂದ ಕೂಡಲೇ ಅದನ್ನು ಹಾಗೇ ಫ್ರಿಜ್ಜಿಗೆ ತಳ್ಳುವುದಿಲ್ಲ. ಒಂದೊಂದೇ ಮೊಟ್ಟೆ ಎತ್ತಿ ತಳಭಾಗ ನೋಡುತ್ತೇನೆ, ಏಕೆಂದರೆ ಬಿರುಕು ಹೆಚ್ಚಾಗಿ ಟ್ರೇಗೆ ತಾಗಿಕೊಂಡಿರುವ ಕಡೆಯೇ ಇರುತ್ತದೆ. ಕೂದಲೆಳೆಯಂಥ ಬಿರುಕು ಬರಿಗಣ್ಣಿಗೆ ಕಾಣುವುದಿಲ್ಲ. ಕೋಣೆ ಕತ್ತಲು ಮಾಡಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆಯ ದಪ್ಪ ತುದಿ ಇಟ್ಟು ತಿರುಗಿಸಿದರೆ ಬಿರುಕು ಬಿಳಿ ಗೆರೆಯಾಗಿ ಹೊಳೆಯುತ್ತದೆ. ಎರಡು ಮೊಟ್ಟೆಗಳನ್ನು ಮೆಲ್ಲಗೆ ತಾಗಿಸಿ ಸದ್ದು ಕೇಳುವುದೂ ಉಂಟು: ಗಟ್ಟಿ ಚಿಪ್ಪು ಟಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಟಪ್ ಎನ್ನುತ್ತದೆ. ಟ್ರೇಯ ಗುಳಿಯಲ್ಲಿ ಅಂಟಂಟು ಒದ್ದೆ ಇದ್ದರೆ ಅಲ್ಲಿ ಯಾವುದೋ ಮೊಟ್ಟೆ ಸೋರಿದೆ. ಅಕ್ಕಪಕ್ಕದವುಗಳ ಮೇಲೂ ಅದು ಹರಿದಿರುತ್ತದೆ, ಅವನ್ನು ಹಾಫ್ ಫ್ರೈಗೆ ಇಟ್ಟುಕೊಳ್ಳುವುದಿಲ್ಲ.

ಬಿರುಕು ಬಿಟ್ಟ ಮೊಟ್ಟೆಗಳೆಲ್ಲ ಒಂದೇ ಅಲ್ಲ. ಚಿಪ್ಪು ಮಾತ್ರ ಸೀಳಿ, ಒಳಗಿನ ತೆಳು ಪೊರೆ ಹರಿಯದೆ ಒಣಗಿಯೇ ಇದ್ದರೆ ಅಂದೇ ಒಡೆದು ಬುರ್ಜಿಗೋ ಮೊಟ್ಟೆ ಸಾರಿಗೋ ಹಾಕಿ ಪೂರ್ತಿ ಬೇಯಿಸಬಹುದು. ಪೊರೆಯೂ ಹರಿದು ಲೋಳೆ ಹೊರಬಂದಿದ್ದರೆ ಎಸೆಯಬೇಕು, ಎಷ್ಟು ಹೊತ್ತಿನಿಂದ ತೆರೆದಿದೆ ಎಂದು ಯಾರಿಗೂ ತಿಳಿಯದು. ಅಂಗಡಿಯಿಂದ ತರುವ ದಾರಿಯಲ್ಲಿ ಕಣ್ಣೆದುರೇ ಒಡೆದರೆ ವಿಷಯ ಬೇರೆ. ಅದನ್ನು ಶುಚಿಯಾದ ಡಬ್ಬಿಗೆ ಸುರಿದು, ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ಎರಡು ದಿನದೊಳಗೆ ಚೆನ್ನಾಗಿ ಬೇಯಿಸಿ ಮುಗಿಸುತ್ತೇನೆ. ಕುದಿಯುವ ನೀರಿನಲ್ಲಿ ಬೇಯುತ್ತಿರುವಾಗ ಸೀಳಿದ ಮೊಟ್ಟೆಯಿಂದ ತೊಂದರೆಯಿಲ್ಲ.

ತೊಳೆಯುವ ವಿಷಯದಲ್ಲಿ ತಪ್ಪಾಗುವುದೇ ಹೆಚ್ಚು. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ, ಅವನ್ನು ಒಂದು ತೆಳು ಲೇಪ ಮುಚ್ಚಿರುತ್ತದೆ. ತಣ್ಣೀರಿನಲ್ಲಿ ಉಜ್ಜಿದರೆ ಆ ಲೇಪ ಹೋಗುತ್ತದೆ. ಜೊತೆಗೆ ಒಳಗಿನ ದ್ರವ ತಂಪಿಗೆ ಕುಗ್ಗಿ, ಹೊರಗಿನ ನೀರನ್ನು ಕೊಳೆಯ ಸಮೇತ ರಂಧ್ರಗಳ ಮೂಲಕ ಒಳಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ತೊಳೆದು ಇಡುವುದಿಲ್ಲ. ಒಣ ಹಿಕ್ಕೆ ಸ್ವಲ್ಪ ಅಂಟಿದ್ದರೆ ಒಣ ಬಟ್ಟೆಯಲ್ಲಿ ಒರೆಸುತ್ತೇನೆ, ಜಾಸ್ತಿ ಅಂಟಿದ್ದನ್ನು ಪೂರ್ತಿ ಬೇಯಿಸುವ ಅಡುಗೆಗೆ ಬೇರೆ ಇಡುತ್ತೇನೆ.

ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆಗೆಂದೇ ಗುಳಿಗಳಿದ್ದರೂ ಅಲ್ಲಿ ಇಡುವುದಿಲ್ಲ. ಬಾಗಿಲು ತೆರೆದಾಗಲೆಲ್ಲ ಅಲ್ಲಿ ಬಿಸಿಗಾಳಿ ತಾಗುತ್ತದೆ. ಒಳಗಿನ ತಟ್ಟೆಯಲ್ಲಿ, ಮುಚ್ಚಳವಿರುವ ಡಬ್ಬಿಯೊಳಗೆ ಚೂಪು ತುದಿ ಕೆಳಗಾಗಿ 5 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತೇನೆ. ಒಮ್ಮೆ ತಣ್ಣಗಾದ ಮೊಟ್ಟೆಯನ್ನು ಹೊರಗಿಟ್ಟರೆ ಮೇಲೆಲ್ಲ ಬೆವರುತ್ತದೆ, ಮಂಗಳೂರು ಕಡೆಯ ಸೆಕೆಯಲ್ಲಂತೂ ಐದೇ ನಿಮಿಷದಲ್ಲಿ. ಆ ತೇವದಲ್ಲಿ ಚಿಪ್ಪಿನ ಮೇಲಿನ ಬ್ಯಾಕ್ಟೀರಿಯಾ ಒಳಸೇರುವುದು ಸುಲಭ. ಹೊರತೆಗೆದದ್ದನ್ನು ಆಗಲೇ ಬಳಸುತ್ತೇನೆ, ಮರಳಿ ಒಳಗಿಡುವುದಿಲ್ಲ.

ತಂಪು ಯಾಕಿಷ್ಟು ಮುಖ್ಯ ಎಂದರೆ, ಮೊಟ್ಟೆಯ ಬಿಳಿಗೆ ತನ್ನದೇ ಕಾವಲಿದೆ. ಅದರಲ್ಲಿ ಬ್ಯಾಕ್ಟೀರಿಯಾಗೆ ಬೇಕಾದ ಕಬ್ಬಿಣ ಸಿಗದಂತೆ ಹಿಡಿದಿಡುವ ಪ್ರೋಟೀನು ಇದೆ. ಆಹಾರವೆಲ್ಲ ಇರುವುದು ಹಳದಿಯಲ್ಲಿ, ಹಳದಿಯ ಸುತ್ತ ಒಂದು ಪೊರೆ. ಬೇಸಿಗೆಯ ಶಾಖದಲ್ಲಿ ಹೊರಗಿಟ್ಟರೆ ಆ ಪೊರೆ ದಿನಗಳಲ್ಲೇ ಸಡಿಲವಾಗಿ ಹಳದಿಯ ಸತ್ವ ಬಿಳಿಗೆ ಜಿನುಗುತ್ತದೆ. ಒಳಗೆ ಬೆರಳೆಣಿಕೆಯಷ್ಟಿದ್ದ ಸಾಲ್ಮೊನೆಲ್ಲಾ ಆಗ ವೇಗವಾಗಿ ಹೆಚ್ಚುತ್ತದೆ. ಒಡೆದ ಮೊಟ್ಟೆಯ ಹಳದಿ ಚಪ್ಪಟೆಯಾಗಿ ಹರಡಿ, ಮುಟ್ಟಿದರೆ ಕದಡುವಂತಿದ್ದರೆ ಪೊರೆ ಸೋತಿದೆ ಎಂದರ್ಥ. ಅದನ್ನು ಕದಡಿ ಆಮ್ಲೆಟ್ ಮಾಡುತ್ತೇನೆ. ನೀರಿನಲ್ಲಿ ತೇಲಿಸಿ ನೋಡುವ ಪರೀಕ್ಷೆ ವಯಸ್ಸನ್ನಷ್ಟೇ ಹೇಳುತ್ತದೆ. ಮುಳುಗಿದ ಮೊಟ್ಟೆಯಲ್ಲೂ ಬ್ಯಾಕ್ಟೀರಿಯಾ ಇರಬಹುದು, ಏಕೆಂದರೆ ಸೋಂಕು ತಗಲಿದ ಕೋಳಿಯಲ್ಲಿ ಚಿಪ್ಪು ಮೂಡುವ ಮೊದಲೇ ಅದು ಒಳಸೇರಬಲ್ಲದು.

ಹೀಗಾಗಿ ಎಷ್ಟು ಜಾಗ್ರತೆಯಿಂದ ಆರಿಸಿದರೂ ಸ್ವಲ್ಪ ಅಪಾಯ ಉಳಿಯುತ್ತದೆ. ಅದನ್ನು ತಗ್ಗಿಸಲು ಚಿಪ್ಪಿನೊಳಗೇ ಪಾಶ್ಚರೀಕರಿಸುವ ದಾರಿಯಿದೆ: 57 ಡಿಗ್ರಿ ನೀರಿನಲ್ಲಿ 75 ನಿಮಿಷ. ಈ ಶಾಖದಲ್ಲಿ ಬಿಳಿಯೂ ಹಳದಿಯೂ ಗಟ್ಟಿಯಾಗುವುದಿಲ್ಲ, ಬ್ಯಾಕ್ಟೀರಿಯಾ ಮಾತ್ರ ನಿಧಾನವಾಗಿ ಸಾಯುತ್ತದೆ. ಗ್ಯಾಸ್ ಒಲೆಯ ಮೇಲೆ ಪಾತ್ರೆಯಿಟ್ಟು ಇದನ್ನು ಮಾಡಲು ಹೋದರೆ ನೀರು ಒಮ್ಮೆ 53, ಒಮ್ಮೆ 61 ಆಗುತ್ತದೆ. ಮೊದಲನೆಯದರಲ್ಲಿ ಉಪಯೋಗವಿಲ್ಲ, ಎರಡನೆಯದರಲ್ಲಿ ಬಿಳಿ ಹೆಪ್ಪುಗಟ್ಟುತ್ತದೆ. ನೀರನ್ನು ಕಲಕುತ್ತಾ ಒಂದೇ ಶಾಖದಲ್ಲಿ ಹಿಡಿದಿಡುವ ಸು ವೀಡ್ ಕಡ್ಡಿ ಇದ್ದರೆ ಮಾತ್ರ ಈ ಕೆಲಸಕ್ಕೆ ಇಳಿಯಬೇಕು. ಆರು ಮೊಟ್ಟೆಗೆ ನಾಲ್ಕು ಲೀಟರ್ ನೀರು ಇಡುತ್ತೇನೆ. ಬಿರುಕಿಲ್ಲದವನ್ನೇ ಬಿಡುತ್ತೇನೆ. ಮೊಟ್ಟೆ ಬಿಟ್ಟ ಮೇಲೆ ನೀರು ತಣ್ಣಗಾಗಿ ಮತ್ತೆ 57 ಮುಟ್ಟಿದಾಗಿನಿಂದ ಹೊತ್ತು ಎಣಿಸುತ್ತೇನೆ. ಆಮೇಲೆ ಐಸ್ ನೀರಿಗೆ ಹಾಕಿ, ಒರೆಸಿ, ಪೆನ್ಸಿಲಿನಲ್ಲಿ ಗುರುತು ಮಾಡಿ ಫ್ರಿಜ್ಜಿಗೆ. ಚಿಪ್ಪಿನ ಲೇಪ ಹೋಗಿರುವುದರಿಂದ ಆ ವಾರದಲ್ಲೇ ಮುಗಿಸಬೇಕು. ಒಡೆದಾಗ ಬಿಳಿ ತುಸು ಹಾಲುಬಣ್ಣಕ್ಕೆ ತಿರುಗಿದ್ದರೆ ಸರಿ. ಜೆಲ್ಲಿಯಂತಾಗಿದ್ದರೆ ಶಾಖ ಮೀರಿದೆ.

ಥರ್ಮಾಮೀಟರನ್ನು ಮೊದಲು ಐಸ್ ನೀರಿನಲ್ಲಿ ಸೊನ್ನೆ ತೋರುತ್ತದೆಯೇ ಎಂದು ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಕುದಿಯುವ ನೀರಿಗೆ 97 ತೋರಿದರೆ ಅದು ಕೆಟ್ಟಿಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಮೇಲೆ ನೀರು ಕುದಿಯುವುದೇ ಅಷ್ಟಕ್ಕೆ. ಕರಾವಳಿಯಲ್ಲಿ ಆರು ನಿಮಿಷಕ್ಕೆ ಸಿದ್ಧವಾಗುವ ಅರೆಬೆಂದ ಮೊಟ್ಟೆಗೆ ಇಲ್ಲಿ ಅರ್ಧ ನಿಮಿಷ ಹೆಚ್ಚು ಬೇಕಾಗುವುದೂ ಇದರಿಂದಲೇ.

ಇನ್ನು ಕಾವಲಿ. ಮೊಟ್ಟೆಯನ್ನು ನೇರವಾಗಿ ಕಾವಲಿಗೆ ಒಡೆಯದೆ ಬಟ್ಟಲಿಗೆ ಒಡೆದು ನೋಡುತ್ತೇನೆ. ಒಡೆಯುವುದೂ ಬಟ್ಟಲಿನ ಅಂಚಿಗಲ್ಲ, ಸಪಾಟಾದ ಕಟ್ಟೆಯ ಮೇಲೆ, ಆಗ ಚಿಪ್ಪಿನ ಚೂರು ಒಳಗೆ ಹೋಗುವುದು ಕಡಿಮೆ. ಮಧ್ಯಮ ಉರಿ, ಒಂದು ಚಮಚ ಎಣ್ಣೆ. ಬಿಳಿಯ ಅಂಚು ಗಟ್ಟಿಯಾದಾಗ ಪಕ್ಕದಲ್ಲಿ ಎರಡು ಚಮಚ ನೀರು ಬಿಟ್ಟು ಮುಚ್ಚುತ್ತೇನೆ. ಒಂದೂವರೆ ನಿಮಿಷದಲ್ಲಿ ಹಬೆಯಿಂದ ಹಳದಿಯ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಹಳದಿಯ ಸುತ್ತ ಲೋಳೆ ಇನ್ನೂ ಪಾರದರ್ಶಕವಾಗಿದ್ದರೆ ಇಳಿಸುವುದಿಲ್ಲ. ಮುಚ್ಚದೆ ದೊಡ್ಡ ಉರಿಯಲ್ಲಿ ಮಾಡಿದರೆ ಅಡಿ ಸೀದು ಮೇಲೆ ಹಸಿ ಉಳಿಯುವುದು ಅಲ್ಲೇ. ಹಸಿ ಮೊಟ್ಟೆ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆದೇ ತಟ್ಟೆಗೆ, ಉಪ್ಪಿನ ಡಬ್ಬಿಗೆ ಕೈ ಹಾಕುತ್ತೇನೆ.

ಪಾಶ್ಚರೀಕರಿಸದ ಮೊಟ್ಟೆಯ ಹಾಫ್ ಫ್ರೈಯನ್ನು ಬಸುರಿಯರಿಗೆ, ಪುಟ್ಟ ಮಕ್ಕಳಿಗೆ, ವಯಸ್ಸಾದವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಕೊಡುವುದಿಲ್ಲ. ಅವರಿಗೆ ಹಳದಿಯನ್ನು ಚಮಚದಿಂದ ಒಡೆದು, ಮಗುಚಿ ಹಾಕಿ, ಎಲ್ಲೂ ಹರಿಯದಷ್ಟು ಬೇಯಿಸಿಯೇ ಬಡಿಸುತ್ತೇನೆ.