ಪ್ರಾಜೆಕ್ಟ್ ವರದಿಗೆ ಟೈಮ್‌ಲೈನ್: ಅಂತರ ತಪ್ಪದಂತೆ ಮಾಡುವುದು ಹೇಗೆ?

ಒಂದು ಗೆರೆ, ಅದರ ಮೇಲೆ ಏಳು ಚುಕ್ಕಿ, ಪಕ್ಕದಲ್ಲಿ ನಾಲ್ಕು ಮಾತು. ನೋಡಲು ಇಷ್ಟೇ. ಆದರೂ ವರದಿಗಳಲ್ಲಿ ಅಚ್ಚಾಗುವ ಟೈಮ್‌ಲೈನ್‌ಗಳಲ್ಲಿ ಚುಕ್ಕಿಗಳು ಒಂದೆಡೆ ಗುಂಪುಗೂಡಿರುತ್ತವೆ, ಕೊನೆಯ ಬರಹ ಅಂಚಿಗೆ ತಾಗಿ ಕತ್ತರಿಸಿರುತ್ತದೆ, ಅಕ್ಷರ ಓದಲು ಭೂತಗನ್ನಡಿ ಬೇಕಾಗುತ್ತದೆ. ಇವೆಲ್ಲ ಲೆಕ್ಕ ಹಾಕದೆ ಎಳೆಯಲು ಕೂತದ್ದರ ಫಲ. ಇಲ್ಲಿ ಪವರ್‌ಪಾಯಿಂಟ್‌ನಲ್ಲಿ ಮಾಡುವ ಕ್ರಮವಿದೆ. ಉದಾಹರಣೆಗೆ ಹಳೆಯ ಕಡತಗಳನ್ನು ಡಿಜಿಟಲೀಕರಣ ಮಾಡುವ ಯೋಜನೆಯೊಂದನ್ನು, ಅದರ ಏಳು ಮೈಲಿಗಲ್ಲುಗಳನ್ನು ಇಟ್ಟುಕೊಳ್ಳೋಣ.

1. ಸ್ಲೈಡನ್ನು ವರದಿಯ ಅಳತೆಗೆ ತನ್ನಿ

ಎ4 ಹಾಳೆಯ ಅಗಲ 21 ಸೆಂ.ಮೀ. ಎರಡೂ ಬದಿಗೆ ಎರಡೂವರೆ ಸೆಂ.ಮೀ. ಅಂಚು ಬಿಟ್ಟರೆ ಉಳಿಯುವುದು 16. Design → Slide Size → Custom Slide Size ಒತ್ತಿ ಅಗಲ 16, ಎತ್ತರ 7 ಸೆಂ.ಮೀ. ಕೊಡಿ. ಮಾಮೂಲಿ ಸ್ಲೈಡಿನ ಅಗಲ ಸುಮಾರು 33.9 ಸೆಂ.ಮೀ. ಅದರಲ್ಲೇ ಬಿಡಿಸಿ ವರದಿಗೆ ಅಂಟಿಸಿದರೆ ಚಿತ್ರ ಅರ್ಧಕ್ಕಿಂತ ಚಿಕ್ಕದಾಗಿ, 10 ಪಾಯಿಂಟ್ ಅಕ್ಷರ 5 ಪಾಯಿಂಟಿಗೂ ಕೆಳಗೆ ಇಳಿಯುತ್ತದೆ.

2. ಬರಹಗಳನ್ನು ಮೊದಲೇ ಬರೆದು ಕತ್ತರಿಸಿ

‘ಟೆಂಡರ್ ಪ್ರಕ್ರಿಯೆಯನ್ನು ಅಂತಿಮಗೊಳಿಸಲಾಯಿತು’ ಎನ್ನಬೇಡಿ. ‘ಟೆಂಡರ್ ಅಂತಿಮ’ ಸಾಕು. ಕ್ರಿಯಾಪದ ಬಿಟ್ಟರೆ ಅರ್ಧ ಉದ್ದ ತಾನೇ ಇಳಿಯುತ್ತದೆ. ನಮ್ಮ ಏಳು ಹೀಗಿವೆ: ಅನುಮೋದನೆ, ಟೆಂಡರ್ ಅಂತಿಮ, ಸ್ಕ್ಯಾನಿಂಗ್ ಆರಂಭ, ಮೊದಲ ಕಂತು, ಗುಣಮಟ್ಟ ತಪಾಸಣೆ, ಸಿಬ್ಬಂದಿ ತರಬೇತಿ, ಹಸ್ತಾಂತರ. ಪ್ರತಿಯೊಂದರ ಕೆಳಗೆ ತಿಂಗಳು, ಬೇರೆ ಸಾಲಿನಲ್ಲಿ. ವಿವರಣೆ ಬೇಕಿದ್ದರೆ ಅದು ವರದಿಯ ಪಠ್ಯಕ್ಕೆ ಸೇರಲಿ.

3. ಲೆಕ್ಕ: ಎಲ್ಲರೂ ಎಡವುವ ಜಾಗ

ಮೊದಲ ಎಡವಟ್ಟು ಭಾಗಾಕಾರದ್ದು. ಏಳು ಚುಕ್ಕಿಗಳ ನಡುವೆ ಇರುವುದು ಆರೇ ಅಂತರ. ಗೆರೆಯ ಉದ್ದವನ್ನು ಏಳರಿಂದ ಭಾಗಿಸಿದರೆ ಕೊನೆಯ ಚುಕ್ಕಿ ಗೆರೆಯ ತುದಿ ಮುಟ್ಟುವುದೇ ಇಲ್ಲ.

ಎರಡನೆಯದು, ಗೆರೆಯನ್ನು 16 ಸೆಂ.ಮೀ. ಪೂರ್ತಿ ಎಳೆಯುವುದು. ಮೊದಲ ಮತ್ತು ಕೊನೆಯ ಬರಹದ ಅರ್ಧ ಭಾಗ ಗೆರೆಯ ಆಚೆ ಚಾಚಿಕೊಳ್ಳುತ್ತದೆ. ಹಾಗಾಗಿ ಆರು ಅಂತರ ಮತ್ತು ಒಂದು ಬರಹದ ಅಗಲ, ಎರಡೂ ಸೇರಿ 16ರೊಳಗೆ ಇರಬೇಕು.

ಬರಹಗಳನ್ನೆಲ್ಲ ಗೆರೆಯ ಒಂದೇ ಬದಿಗೆ ಇಟ್ಟರೆ ಅಂತರ 2.3 ಸೆಂ.ಮೀ., ಬರಹದ ಪೆಟ್ಟಿಗೆ 2.1 ಸೆಂ.ಮೀ.; ‘ಸ್ಕ್ಯಾನಿಂಗ್’ ಎಂಬ ಒಂದು ಪದವೇ ಅದನ್ನು ತುಂಬಿಬಿಡುತ್ತದೆ. ಒಂದು ಮೇಲೆ, ಒಂದು ಕೆಳಗೆ ಎಂದು ಸರದಿಯಲ್ಲಿ ಇಟ್ಟರೆ ಲೆಕ್ಕವೇ ಬದಲು: ಅಂತರ 2 ಸೆಂ.ಮೀ., ಪೆಟ್ಟಿಗೆ 3.7 ಸೆಂ.ಮೀ. ಮೇಲಿನ ಸಾಲಿನ ಎರಡು ಬರಹಗಳ ಕೇಂದ್ರಗಳ ನಡುವೆ 4 ಸೆಂ.ಮೀ. ಇರುವುದರಿಂದ ಪೆಟ್ಟಿಗೆಗಳ ಮಧ್ಯೆ 3 ಮಿ.ಮೀ. ಖಾಲಿ ಉಳಿಯುತ್ತದೆ. ಐದಕ್ಕಿಂತ ಹೆಚ್ಚು ಮೈಲಿಗಲ್ಲಿದ್ದರೆ ಹೀಗೆ ಮೇಲೆ-ಕೆಳಗೆ ಇಡುವುದೇ ಸರಿ, ಬೇರೆ ಯೋಚನೆ ಬೇಡ.

ಈಗ ಗೆರೆ 12 ಸೆಂ.ಮೀ. ಸ್ಲೈಡಿನ ಎಡ ಅಂಚಿನಿಂದ 2ಕ್ಕೆ ಶುರುವಾಗಿ 14ಕ್ಕೆ ಮುಗಿಯುತ್ತದೆ. ಚುಕ್ಕಿಗಳ ಕೇಂದ್ರಗಳು 2, 4, 6, 8, 10, 12, 14.

4. ಚುಕ್ಕಿಗಳನ್ನು ಕೂರಿಸಿ

ಗೆರೆಯನ್ನು ಮೇಲಿನಿಂದ 3.5 ಸೆಂ.ಮೀ.ಗೆ ಎಳೆಯಿರಿ. 0.4 ಸೆಂ.ಮೀ. ವ್ಯಾಸದ ವೃತ್ತ ಮಾಡಿ, Ctrl+D ಒತ್ತಿ ಏಳು ಮಾಡಿಕೊಳ್ಳಿ.

ಇಲ್ಲಿ ಬಹುಮಂದಿ ನಂಬುವುದು Align ಪಟ್ಟಿಯ Distribute Horizontally ಆಜ್ಞೆಯನ್ನು. ಅದು ಸಮ ಮಾಡುವುದು ಆಕೃತಿಗಳ ಅಂಚುಗಳ ನಡುವಿನ ಖಾಲಿ ಜಾಗವನ್ನು, ಕೇಂದ್ರಗಳ ದೂರವನ್ನಲ್ಲ. ಎಲ್ಲ ವೃತ್ತ ಒಂದೇ ಗಾತ್ರವಾದರೆ ಎರಡೂ ಒಂದೇ. ಮುಖ್ಯ ಹಂತವೆಂದು ನಡುವಿನ ವೃತ್ತವನ್ನು 0.8ಕ್ಕೆ ಹಿಗ್ಗಿಸಿ ಆಮೇಲೆ ಆಜ್ಞೆ ಕೊಟ್ಟರೆ, ಅದರ ಅಕ್ಕಪಕ್ಕದ ಅಂತರ 2.13 ಸೆಂ.ಮೀ. ಆಗುತ್ತದೆ, ಉಳಿದವು 1.93ಕ್ಕೆ ಇಳಿಯುತ್ತವೆ. ಎರಡು ಮಿ.ಮೀ. ವ್ಯತ್ಯಾಸ ಅಚ್ಚಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ವೃತ್ತಗಳ ಜೊತೆ ಗೆರೆಯೂ ಆಯ್ಕೆಯಾಗಿದ್ದರೆ, ಅಥವಾ Align to Slide ಗುರುತಾಗಿದ್ದರೆ, ಎಲ್ಲವೂ ಇಟ್ಟ ಜಾಗ ಬಿಟ್ಟು ಸರಿಯುತ್ತವೆ. ಲಿಬ್ರೆ ಆಫೀಸ್ ಇಂಪ್ರೆಸ್‌ನಲ್ಲಿ ಕೇಂದ್ರಗಳನ್ನೇ ಹಿಡಿದು ಹಂಚುವ ಆಯ್ಕೆ ಬೇರೆಯಾಗಿ ಇದೆ. ಈ ಒಂದು ವಿಷಯದಲ್ಲಿ ಅದೇ ಮೇಲು.

ಪವರ್‌ಪಾಯಿಂಟ್‌ನಲ್ಲಿ ಅಂಕಿಗಳನ್ನೇ ಕೊಡುವುದು ಭದ್ರ. ವೃತ್ತದ ಮೇಲೆ ಬಲ ಕ್ಲಿಕ್ ಮಾಡಿ Format Shape → Size & Properties → Position ತೆರೆಯಿರಿ. ಅಲ್ಲಿ ಕೇಳುವುದು ಆಕೃತಿಯ ಎಡ ಅಂಚಿನ ಸ್ಥಾನ, ಆದ್ದರಿಂದ ಕೇಂದ್ರದಿಂದ ಅರ್ಧ ವ್ಯಾಸ ಕಳೆಯಿರಿ: 1.8, 3.8, 5.8, ಹೀಗೆ 13.8ರವರೆಗೆ. ಮೇಲಿನಿಂದ ಎಲ್ಲಕ್ಕೂ 3.3. ಆಮೇಲೆ ಯಾವುದನ್ನೂ ಮೌಸ್‌ನಿಂದ ಎಳೆಯಬೇಡಿ.

5. ಬರಹದ ಪೆಟ್ಟಿಗೆ

ಒಂದು ಪೆಟ್ಟಿಗೆ ಮಾಡಿ: ಅಗಲ 3.7, ಎತ್ತರ 1.6. Do not Autofit ಆರಿಸಿ, Wrap text in shape ಇರಲಿ, ನಾಲ್ಕೂ ಒಳ ಅಂಚು ಸೊನ್ನೆ. ಒಳ ಅಂಚು ಮೊದಲೇ ಎಡಬಲಕ್ಕೆ ಕಾಲು ಸೆಂ.ಮೀ. ಇರುತ್ತದೆ, ಅದು ಸುಮ್ಮನೆ ಜಾಗ ತಿನ್ನುತ್ತದೆ. ಅಕ್ಷರ ಮಧ್ಯಕ್ಕೆ, 10 ಪಾಯಿಂಟ್, ತಿಂಗಳು 9.

ಮೇಲಿನ ಪೆಟ್ಟಿಗೆಗಳಲ್ಲಿ ಬರಹ ಕೆಳಕ್ಕೆ ಅಂಟಿರಲಿ, ಕೆಳಗಿನವುಗಳಲ್ಲಿ ಮೇಲಕ್ಕೆ. ಇಲ್ಲದಿದ್ದರೆ ಎರಡು ಸಾಲಿನ ಬರಹ ಚುಕ್ಕಿಯ ಹತ್ತಿರ, ಒಂದು ಸಾಲಿನದು ದೂರ ಎಂದಾಗಿ ಸಾಲು ಹಲ್ಲುಮುರಿದಂತೆ ಕಾಣುತ್ತದೆ. ಎಡ ಸ್ಥಾನ ಕೇಂದ್ರಕ್ಕಿಂತ 1.85 ಕಡಿಮೆ: 0.15, 2.15, 4.15, ಕೊನೆಯದು 12.15. ಮೇಲಿನ ಸಾಲಿಗೆ ಲಂಬ ಸ್ಥಾನ 1.2, ಕೆಳಗಿನದಕ್ಕೆ 4.2. ಆಗ ಚುಕ್ಕಿಗೂ ಬರಹಕ್ಕೂ ನಡುವೆ ಅರ್ಧ ಸೆಂ.ಮೀ. ಉಳಿಯುತ್ತದೆ, ಅಲ್ಲೊಂದು ತೆಳು ಕಡ್ಡಿ ಎಳೆಯಿರಿ.

ಸಾಲುಗಳ ಅಂತರವನ್ನು Exactly ಎಂದು ಬಿಗಿಯಾಗಿ ಕಟ್ಟಿದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. Single ಇರಲಿ.

6. ಬಣ್ಣ

ಒಂದೇ ಬಣ್ಣ. ಮುಗಿದ ಹಂತಕ್ಕೆ ತುಂಬಿದ ವೃತ್ತ, ಬಾಕಿಯದಕ್ಕೆ ಖಾಲಿ. ಕಪ್ಪು-ಬಿಳುಪು ಪ್ರತಿಯಲ್ಲೂ ತಿಳಿಯುತ್ತದೆ.

ಸ್ಮಾರ್ಟ್‌ಆರ್ಟ್‌ನ ಸಿದ್ಧ ಟೈಮ್‌ಲೈನ್ ಹಾಕಿ ಮುಗಿಸಬಾರದೇ ಎಂದರೆ, ಅದರಲ್ಲಿ ಒಂದು ಬರಹ ಉದ್ದವಾದರೆ ಏಳರ ಅಕ್ಷರವೂ ಒಟ್ಟಿಗೆ ಕುಗ್ಗುತ್ತದೆ. ಮೂರು-ನಾಲ್ಕು ಹಂತಕ್ಕೆ ಸರಿ, ಏಳಕ್ಕೆ ಬೇಡ.

7. ಸಮ ಅಂತರ ಹೇಳದ ಸಂಗತಿ

ನಮ್ಮ ಯೋಜನೆಯಲ್ಲಿ ಅನುಮೋದನೆ ಜನವರಿ, ಟೆಂಡರ್ ಫೆಬ್ರವರಿ. ಮೊದಲ ಕಂತು ಜೂನ್, ತಪಾಸಣೆ ಸೆಪ್ಟೆಂಬರ್. ಒಂದು ತಿಂಗಳೂ 2 ಸೆಂ.ಮೀ., ಮೂರು ತಿಂಗಳೂ 2 ಸೆಂ.ಮೀ. ಚಿತ್ರ ತೋರಿಸುವುದು ಸರದಿಯನ್ನು, ಅವಧಿಯನ್ನಲ್ಲ. ಆದ್ದರಿಂದ ತಿಂಗಳ ಹೆಸರು ಬಿಡಲೇಬಾರದು. ಚಿತ್ರದ ಅಡಿಯಲ್ಲಿ ‘ಅಂತರಗಳು ಕಾಲಪ್ರಮಾಣಕ್ಕೆ ತಕ್ಕಂತಿಲ್ಲ’ ಎಂದು ಒಂದು ಸಾಲು ಹಾಕಿ. ವರದಿಯ ವಿಷಯವೇ ವಿಳಂಬವಾಗಿದ್ದರೆ ಸಮ ಅಂತರದ ಚಿತ್ರ ಅದನ್ನು ಮುಚ್ಚಿಬಿಡುತ್ತದೆ; ಅಲ್ಲಿ ತಿಂಗಳಿಗೆ ಇಷ್ಟು ಎಂದು ಅಳೆದು ಹಾಕುವುದೇ ಪ್ರಾಮಾಣಿಕ.

8. ವರದಿಗೆ ಸೇರಿಸಿ

ಎಲ್ಲವನ್ನೂ ಗ್ರೂಪ್ ಮಾಡಿ, ಬಲ ಕ್ಲಿಕ್ → Save as Picture → SVG. ಅದನ್ನು ವರ್ಡ್‌ನಲ್ಲಿ ಅಳತೆ ಬದಲಿಸದೆ ಸೇರಿಸಿ. ಸ್ಲೈಡನ್ನು ಪಿಎನ್‌ಜಿಯಾಗಿ ರಫ್ತು ಮಾಡಿದರೆ ಮಾಮೂಲಿ ಗುಣಮಟ್ಟ ಇಂಚಿಗೆ 96 ಚುಕ್ಕಿ, ಅಂದರೆ 16 ಸೆಂ.ಮೀ.ಗೆ ಸುಮಾರು 600 ಪಿಕ್ಸೆಲ್. ಪರದೆಯಲ್ಲಿ ಚೆನ್ನ, ಅಚ್ಚಿನಲ್ಲಿ ಮಸುಕು. ಸ್ಕ್ರೀನ್‌ಶಾಟ್ ಅಂತೂ ಬೇಡವೇ ಬೇಡ. ಎಸ್‌ವಿಜಿಯಲ್ಲಿ ಅಕ್ಷರ ಅಕ್ಷರವಾಗಿಯೇ ಉಳಿಯುವುದರಿಂದ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರಹದ ಅಗಲ ಬದಲಾಗಬಹುದು. ಹಾಗಾಗಿ ಫಾಂಟ್ ಇರುವ ಕಂಪ್ಯೂಟರಿನಲ್ಲೇ ವರದಿಯನ್ನು ಪಿಡಿಎಫ್ ಮಾಡಿ, ಆ ಪುಟವನ್ನು ನೂರು ಪ್ರತಿಶತ ಅಳತೆಯಲ್ಲಿ ಮುದ್ರಿಸಿ, ಸ್ಕೇಲ್ ಇಟ್ಟು ಮೊದಲ ಮತ್ತು ಕೊನೆಯ ಅಂತರ ಎರಡೂ 2 ಸೆಂ.ಮೀ. ಇವೆಯೇ ನೋಡಿ.