ಟೊಮೆಟೊ ಮೀಮ್‌ಗೆ ಕನ್ನಡದ ಸಾಲು ಕೂರಿಸಿದ್ದು

ಕೋಲಾರ ಎಪಿಎಂಸಿಯಲ್ಲಿ ಜೋಡಿಸಿಟ್ಟ ಟೊಮೆಟೊ ಕ್ರೇಟುಗಳ ಫೋಟೊ. ಅದರ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು, ಎಲ್ಲ ಮೀಮ್‌ಗಳಲ್ಲೂ ಕಾಣುವ ಅದೇ ಬಿಳಿ ದಪ್ಪಕ್ಷರ, ಸುತ್ತ ಕಪ್ಪು ಅಂಚು. "ಅಣ್ಣಾ, ಇದನ್ನ ಕನ್ನಡದಲ್ಲಿ ಹಾಕ್ಕೊಡು, ನಮ್ಮೋರು ಓದ್ಬೇಕು" ಅಂತ ಚಿಕ್ಕಪ್ಪನ ಮಗ ಕಳಿಸಿದ್ದ. ಅಕ್ಷರವಿಲ್ಲದ ಮೂಲ ಫೋಟೊ ಯಾರ ಹತ್ತಿರವೂ ಇರಲಿಲ್ಲ. ಅದು ಸಿಕ್ಕಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು. ಹಾಗಾಗಿ ಮೊದಲು ಹುಡುಕಬೇಕಾದ್ದು ಅದನ್ನೇ.

ನಾನು ಬಳಸಿದ್ದು GIMP ಅನ್ನುವ ಫೋಟೊ ತಿದ್ದುವ ಸಾಫ್ಟ್‌ವೇರ್. ಫೋಟೊದ ಪದರವನ್ನು ನಕಲು ಮಾಡಿಕೊಂಡು, Fuzzy Select ಹಿಡಿದು ಬಿಳಿ ಅಕ್ಷರಗಳನ್ನು ಒಂದೊಂದಾಗಿ ಆಯ್ದುಕೊಂಡೆ. ಕಪ್ಪು ಅಂಚು 5 ಪಿಕ್ಸೆಲ್ ಇತ್ತು. ಆದರೆ Select > Grow ನಲ್ಲಿ 8 ಕೊಟ್ಟೆ. ಜೆಪೆಗ್ ಚಿತ್ರದಲ್ಲಿ ಅಕ್ಷರದ ಸುತ್ತ ಬೂದು ಚುಕ್ಕೆಗಳ ಕೊಳೆ ಕೂತಿರುತ್ತದೆ, ಅದನ್ನು ಬಿಟ್ಟರೆ ಅಕ್ಷರದ ನೆರಳು ಹಾಗೇ ಉಳಿಯುತ್ತದೆ.

ಮೇಲಿನ ಸಾಲಿನ ಹಿಂದೆ ಬರೀ ಆಕಾಶ, ಅದನ್ನು ಅಳಿಸಲು ಸುತ್ತಲಿನ ಬಣ್ಣಕ್ಕೆ ಹೊಂದಿಸಿ ಮುಚ್ಚುವ Heal ಸಾಕಾಯಿತು. ಕಷ್ಟವಿದ್ದದ್ದು ಕೆಳಗೆ, ಕ್ರೇಟಿನ ಕಿಂಡಿಗಳ ಮೇಲೆ. ಅಲ್ಲಿ Heal ಎಳೆದರೆ ಪಟ್ಟಿಗಳು ಕಲಸಿಹೋಗುತ್ತವೆ. ಅದಕ್ಕೆ ಒಂದು ಕಡೆಯದನ್ನು ಇನ್ನೊಂದು ಕಡೆ ಹಾಗೇ ನಕಲಿಸುವ Clone ತೆಗೆದುಕೊಂಡೆ. ಪಕ್ಕದ ಕ್ರೇಟಿನ ಮೂಲೆಯಲ್ಲಿ Ctrl ಒತ್ತಿ ಗುರುತು ಹಾಕಿ, Alignment ಅನ್ನು Aligned ಮಾಡಿ, ಸರಿಯಾಗಿ ಈ ಕ್ರೇಟಿನ ಅದೇ ಮೂಲೆಯಿಂದ ಬಳಿಯಲು ಶುರುಮಾಡಿದೆ. ಒಂದು ಮೂಲೆ ಕೂತರೆ ಉಳಿದ ಕಿಂಡಿಗಳು ತಾವೇ ಸಾಲಿಗೆ ಬರುತ್ತವೆ. ಮುಗಿದ ಮೇಲೆ Curves ನಲ್ಲಿ ಕಾಂಟ್ರಾಸ್ಟ್ ಜೋರು ಮಾಡಿ ನೋಡಬೇಕು. ಹಳೇ ಅಕ್ಷರ ಎಲ್ಲಾದರೂ ಉಳಿದಿದ್ದರೆ ಆಗ ಎದ್ದು ಕಾಣುತ್ತದೆ. ನೋಡಿದ ಮೇಲೆ Ctrl+Z.

ಇನ್ನು ಫಾಂಟ್. ಇಂಗ್ಲಿಷಿನದು ಇಂಪ್ಯಾಕ್ಟ್, 1965ರದು; ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಅನೇಕ್ ಕನ್ನಡದ ಕಂಡೆನ್ಸ್ಡ್ ಎಕ್ಸ್‌ಟ್ರಾಬೋಲ್ಡ್ ನನಗೆ ಅದಕ್ಕೆ ಹತ್ತಿರ ಅನ್ನಿಸಿತು. ಹೋಲಿಸುವಾಗ ಅಕ್ಷರದ ಎತ್ತರ ನೋಡಬಾರದು, ಗೆರೆಯ ದಪ್ಪ ನೋಡಬೇಕು. ಹಳೇ ಅಕ್ಷರದ ಗೆರೆ 20 ಪಿಕ್ಸೆಲ್ ಇತ್ತು, ಕನ್ನಡದ ಗೆರೆಯೂ ಅಷ್ಟಾಗುವ ತನಕ ಗಾತ್ರ ಏರಿಸಿದೆ. "15 ಕೆಜಿ ಬಾಕ್ಸ್‌ಗೆ 80 ರೂಪಾಯಿ" ಎಂಬಲ್ಲಿ ಅಂಕಿಗಳನ್ನು ಇಂಪ್ಯಾಕ್ಟ್‌ನಲ್ಲೇ ಬಿಟ್ಟೆ.

ಅಂಚನ್ನು ಅಕ್ಷರದ ಒಳಕ್ಕೆ ನುಗ್ಗಲು ಬಿಡಬಾರದು, ಗೆರೆ ಸಣ್ಣಗಾಗುತ್ತದೆ. ಪಠ್ಯದ ಪದರದ ಮೇಲೆ Alpha to Selection ಕೊಟ್ಟು ಅಕ್ಷರದ ಆಕಾರ ಆಯ್ದು, ಆಮೇಲೆ Grow, ಕೆಳಗೆ ಹೊಸ ಪದರ ಹಾಕಿ ಕಪ್ಪು ತುಂಬಿಸಿದರೆ ಅಂಚು ಹೊರಗಷ್ಟೇ ನಿಲ್ಲುತ್ತದೆ. 5 ಪಿಕ್ಸೆಲ್ ಕೊಟ್ಟಾಗ "ಜಿ"ಯ ಒಳಗಿನ ಜಾಗ ಮುಚ್ಚಿಹೋಯಿತು, 4ಕ್ಕೆ ಇಳಿಸಿದೆ. ಕೆಳಗಿನ ಸಾಲು "ಗಾಡಿ ಬಾಡಿಗೆಯೂ ಹುಟ್ಟಲ್ಲ". ಇದರ ಟ್ಟ, ಲ್ಲ ಒತ್ತುಗಳು ಚಿತ್ರದ ಅಂಚಿಗೆ ತಾಗುತ್ತಿದ್ದವು, ಸಾಲನ್ನು ಒತ್ತಿನ ಎತ್ತರದಷ್ಟೇ ಮೇಲಕ್ಕೆ ಸರಿಸಿದೆ.

ಕಳಿಸಿದ್ದು ಪಿಎನ್‌ಜಿಯಾಗಿ. ಪದರಗಳಿರುವ XCF ಫೈಲ್ ಇಟ್ಟುಕೊಂಡಿದ್ದೇನೆ, ರೇಟು ಬದಲಾದರೆ ಅಂಕಿ ತಿದ್ದಿ ಅಂಚಿನ ಪದರ ಮತ್ತೆ ಹಾಕಿದರಾಯಿತು.