ಕೊಂಡ ಷೇರು ಖಾತೆಗೆ ಬಂತಾ? ಮಾರುವ ಮೊದಲು ನೋಡಿ

ನನ್ನ ಭಾವಮೈದ ಒಂದು ಮಂಗಳವಾರ ಮಧ್ಯಾಹ್ನ ಫೋನ್ ಮಾಡಿದ. "ಭಾವ, ನಿನ್ನೆ ತಗೊಂಡೆ, ಇವತ್ತು ಮಾರಿದೆ, ಸಾವಿರದ ಎಂಟುನೂರು ಬಂತು" ಅಂದ. ಗುರುವಾರ ಮತ್ತೆ ಫೋನ್. ಈ ಸಲ ದನಿಯೇ ಇರಲಿಲ್ಲ. ಖಾತೆಯಿಂದ ನಲವತ್ತೈದೂವರೆ ಸಾವಿರ ಕಳೆದಿದ್ದಾರೆ, ಬ್ರೋಕರ್ ಮೋಸ ಮಾಡಿದ್ದಾನೆ ಅಂತ ಅವನ ವಾದ. ಮೋಸ ಏನೂ ಇರಲಿಲ್ಲ. ತನ್ನ ಕೈಗೆ ಇನ್ನೂ ಬರದ ಷೇರನ್ನು ಅವನು ಮಾರಿದ್ದ, ಅಷ್ಟೆ. ಅವನ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಮೊದಲು ಖಾತೆ, ಅಂದರೆ ಷೇರು ಇಡುವ ಡಿಮ್ಯಾಟ್ ಖಾತೆ. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ, ಒಂದು ಸಹಿ ಇದ್ದರೆ ಮನೆಯಲ್ಲೇ ಕೂತು ತೆರೆಯಬಹುದು. ಇದರಲ್ಲಿ ಯಾರೂ ಎಡವಲ್ಲ. ಒಂದೇ ಮಾತು: ನಾಮಿನಿ ಹೆಸರು ಆವತ್ತೇ ಹಾಕಿ. ಮತ್ತೆ "ಉಚಿತ ಖಾತೆ" ಅಂತ ಕರೆ ಬಂದಾಗೆಲ್ಲ ಹೊಸದು ತೆರೆಯಬೇಡಿ. ನನ್ನ ಪರಿಚಯದವರೊಬ್ಬರ ಹತ್ತಿರ ನಾಲ್ಕು ಖಾತೆ ಇವೆ. ಮೂರರಲ್ಲಿ ಒಂದು ಷೇರೂ ಇಲ್ಲ, ವರ್ಷದ ಶುಲ್ಕ ಮಾತ್ರ ತಪ್ಪದೆ ಕಟ್ಟಾಗುತ್ತದೆ. ಒಂದೇ ಖಾತೆ ಇದ್ದು, ಅದರಲ್ಲಿರುವುದು 4 ಲಕ್ಷದೊಳಗಿದ್ದರೆ ಬೇಸಿಕ್ ಸರ್ವೀಸ್ ಖಾತೆ ಅಂತ ಸಿಗುತ್ತದೆ, ಅದಕ್ಕೆ ವಾರ್ಷಿಕ ಶುಲ್ಕವೇ ಇಲ್ಲ.

ಎರಡನೆಯದು, ಷೇರು ಎಲ್ಲಿರುತ್ತದೆ ಅಂತ ತಿಳಿದುಕೊಳ್ಳುವುದು. ಬ್ರೋಕರಿನ ಆಪಿನಲ್ಲಿ ಕಾಣುತ್ತದೆ ಅಂದ ಮಾತ್ರಕ್ಕೆ ಬ್ರೋಕರಿನ ಹತ್ತಿರ ಇದೆ ಅಂತಲ್ಲ. ನಮ್ಮ ದೇಶದಲ್ಲಿ ಷೇರು ಇಡುವ ಡಿಪಾಸಿಟರಿಗಳು ಎರಡೇ: ಎನ್‌ಎಸ್‌ಡಿಎಲ್ ಮತ್ತು ಸಿಡಿಎಸ್‌ಎಲ್. ಮೊದಲನೆಯದು 1996ರಲ್ಲಿ ಶುರುವಾಯಿತು, ಎರಡನೆಯದು 1999ರಲ್ಲಿ. ನಿಮ್ಮ ಬ್ರೋಕರ್ ಅಥವಾ ಬ್ಯಾಂಕು ಇವರ ಬಾಗಿಲಲ್ಲಿ ಕೂತ ಏಜೆಂಟ್ ಇದ್ದಂತೆ. ಅವರನ್ನು ಡಿಪಿ ಅನ್ನುತ್ತಾರೆ.

ಇನ್ಫೋಸಿಸ್‌ನ ಹತ್ತು ಷೇರು ಕೊಂಡಿರಿ ಅಂದುಕೊಳ್ಳಿ. ಆ ಷೇರಿಗೆ `INE009A01021` ಅಂತ ಹನ್ನೆರಡು ಅಕ್ಷರದ ಗುರುತು ಇದೆ. ಹಿಂದೆ ಕಾಗದದ ಸರ್ಟಿಫಿಕೇಟ್ ಇದ್ದಾಗ ಒಂದೊಂದು ಷೇರಿಗೂ ಬೇರೆ ಬೇರೆ ನಂಬರ್ ಇರುತ್ತಿತ್ತು. ಈಗ ಹಾಗಿಲ್ಲ, ನಿಮ್ಮ ಹತ್ತು ಬೇರೆ, ಪಕ್ಕದ ಮನೆಯವರ ಹತ್ತು ಬೇರೆ ಅಂತ ತೋರಿಸಲಾಗದು, ಬ್ಯಾಂಕಿನಲ್ಲಿ ಇಟ್ಟ ನೋಟಿನ ಹಾಗೆ. ಕಂಪನಿಯ ಪುಸ್ತಕದಲ್ಲಿ ಹೆಸರು ಇರುವುದು ಡಿಪಾಸಿಟರಿಯದು. ಡಿಪಾಸಿಟರಿಯ ಪುಸ್ತಕದಲ್ಲಿ ನಿಮ್ಮ ಖಾತೆಯ ಮುಂದೆ "10" ಅಂತ ಬರೆದಿರುತ್ತದೆ. ಡಿವಿಡೆಂಡೂ ಮತವೂ ನಿಮಗೇ ಸೇರಿದ್ದು. ಮಾರಿದರೆ ಆ 10 ನಿಮ್ಮ ಸಾಲಿನಿಂದ ಅಳಿದು ಇನ್ನೊಬ್ಬರ ಸಾಲಿಗೆ ಹೋಗುತ್ತದೆ.

ಹಾಗಾಗಿ ಖಾತೆ ತೆರೆದ ವಾರದೊಳಗೆ ಡಿಪಾಸಿಟರಿಯ ಜಾಲತಾಣದಲ್ಲಿ ನೀವೇ ನೇರವಾಗಿ ನೋಂದಾಯಿಸಿಕೊಳ್ಳಿ. ನಿಮ್ಮ ಖಾತೆಯ ನಂಬರ್ ಪೂರ್ತಿ ಹದಿನಾರು ಅಂಕಿ ಇದ್ದರೆ ಸಿಡಿಎಸ್‌ಎಲ್, `IN` ಅಂತ ಶುರುವಾದರೆ ಎನ್‌ಎಸ್‌ಡಿಎಲ್. ಅಲ್ಲಿ ಕಾಣುವ ಸಂಖ್ಯೆಯೇ ನಿಜವಾದದ್ದು, ಆಪಿನದು ಅದರ ನೆರಳು. 2019ರಲ್ಲಿ ಹೈದರಾಬಾದಿನ ಒಂದು ದೊಡ್ಡ ಬ್ರೋಕರ್ ಗ್ರಾಹಕರ ಷೇರುಗಳನ್ನು ಒತ್ತೆಯಿಟ್ಟು ತನಗೆ ಸಾಲ ಎತ್ತಿದ್ದು ಹೊರಬಂತು. ಬ್ರೋಕರ್ ಕಳಿಸುತ್ತಿದ್ದ ಲೆಕ್ಕವನ್ನಷ್ಟೇ ನೋಡುತ್ತಿದ್ದವರಿಗೆ ಅದು ತಿಳಿಯುವ ದಾರಿಯೇ ಇರಲಿಲ್ಲ.

ಮೂರನೆಯದು, ಕೊಳ್ಳುವುದು. ಆರ್ಡರ್ ಹಾಕುವ ಪರದೆಯಲ್ಲಿ `CNC` ಅಥವಾ `Delivery` ಅಂತ ಇರುವುದನ್ನೇ ಒತ್ತಿ. `MIS` ಅಥವಾ `Intraday` ಒತ್ತಿದರೆ ಪೇಟೆ ಮುಚ್ಚುವ ಮೊದಲೇ ಅವರೇ ಮಾರಿಬಿಡುತ್ತಾರೆ, ನಿಮ್ಮ ಖಾತೆಗೆ ಏನೂ ಬರಲ್ಲ. `MTF` ಅಂತ ಇನ್ನೊಂದು ಇದೆ. ಕಾಲು ಭಾಗದಷ್ಟು ಹಣ ಕೊಡಿ ಉಳಿದದ್ದು ನಾವು ಹಾಕುತ್ತೇವೆ ಅನ್ನುವ ಥರದ ಸಾಲ ಅದು, ದಿನದ ಲೆಕ್ಕದಲ್ಲಿ ಬಡ್ಡಿ, ಷೇರು ಒತ್ತೆಯಲ್ಲಿ. ಕೆಲವು ಆಪುಗಳು ಅದನ್ನು ಮೊದಲೇ ಆರಿಸಿಟ್ಟಿರುತ್ತವೆ. ಅದನ್ನು ತೆಗೆದು ಮುಂದೆ ಹೋಗಿ. ಹೊಸಬರಿಗೆ ಅದು ಬೇಡವೇ ಬೇಡ.

ಸೋಮವಾರ ಕೊಂಡರೆ ಹಣ ಆವತ್ತೇ ಹೋಗುತ್ತದೆ. ಷೇರು ಬರುವುದು ಮಂಗಳವಾರ ಸಂಜೆಯೊಳಗೆ. ಶುಕ್ರವಾರ ಕೊಂಡರೆ ಸೋಮವಾರ. ಇದನ್ನೇ ಟಿ ಪ್ಲಸ್ ಒನ್ ಅನ್ನುವುದು. ವಹಿವಾಟಿನ ದಿನ, ಅದರ ಮೇಲೆ ಒಂದು ಕೆಲಸದ ದಿನ. 2003ರಿಂದ ಎರಡು ದಿನ ಇತ್ತು, 27 ಜನವರಿ 2023ರಿಂದ ಎಲ್ಲ ಷೇರುಗಳಿಗೂ ಒಂದೇ ದಿನ. ಈ ನಡುವಿನ ಹೊತ್ತಿನಲ್ಲಿ ಕ್ಲಿಯರಿಂಗ್ ಕಾರ್ಪೊರೇಷನ್ ಅನ್ನುವ ಸಂಸ್ಥೆ ನಿಮ್ಮಿಬ್ಬರ ಮಧ್ಯೆ ನಿಲ್ಲುತ್ತದೆ. ಮಾರಿದವನಿಂದ ಷೇರು, ಕೊಂಡವನಿಂದ ಹಣ ತಾನು ತೆಗೆದುಕೊಂಡು ಇಬ್ಬರಿಗೂ ಹಂಚುತ್ತದೆ. ಆಪಿನಲ್ಲಿ ಷೇರಿನ ಪಕ್ಕ `T1` ಅಂತ ಕಂಡರೆ ಅದು ಇನ್ನೂ ದಾರಿಯಲ್ಲಿದೆ ಅಂತ ಅರ್ಥ.

ನಾಲ್ಕನೆಯದು, ಮಾರುವುದು. ಜನ ಎಡವುವುದು ಇಲ್ಲಿ.

ಷೇರು ನಿಮ್ಮ ಹೆಸರಲ್ಲಿ ಡಿಪಾಸಿಟರಿಯಲ್ಲಿ ಇದೆ ಅಂದಮೇಲೆ, ಅದನ್ನು ತೆಗೆಯಲು ನಿಮ್ಮ ಒಪ್ಪಿಗೆ ಬೇಕಲ್ವಾ? ಅದನ್ನು ಕೊಡಲು ಎರಡು ದಾರಿ. ಒಂದು, ಪ್ರತಿ ಸಲ ನೀವೇ ಒಪ್ಪುವುದು. ಸಿಡಿಎಸ್‌ಎಲ್ ಆದರೆ ಆರು ಅಂಕಿಯ ಟಿಪಿನ್ ಹಾಕಿ, ಆಮೇಲೆ ಮೊಬೈಲಿಗೆ ಬರುವ ಓಟಿಪಿ ಹಾಕಬೇಕು. ಈ ಟಿಪಿನ್ ಕೊಡುವುದು ಡಿಪಾಸಿಟರಿ, ಬ್ರೋಕರ್ ಅಲ್ಲ. ಅದು ಆಪಿನ ಪಾಸ್‌ವರ್ಡೂ ಅಲ್ಲ. ನನ್ನ ಚಿಕ್ಕಮ್ಮ ಆಪಿನ ಪಿನ್ನನ್ನೇ ಮೂರು ಸಲ ಒತ್ತಿ, ಲಾಕ್ ಆಯ್ತು ಅಂತ ಬೇಜಾರು ಮಾಡಿಕೊಂಡು ಕೂತರು. ಅಷ್ಟರಲ್ಲಿ ಮೂರೂವರೆ ಆಗಿ ಪೇಟೆ ಮುಚ್ಚಿತ್ತು. ಮರೆತಿದ್ದರೆ ಅದೇ ಪುಟದಲ್ಲಿ ಹೊಸದು ಕೇಳಿ, ಸ್ವಲ್ಪ ಹೊತ್ತಿಗೆ ಮೊಬೈಲಿಗೂ ಇಮೇಲಿಗೂ ಬರುತ್ತದೆ. ಹಳೇ ಸಿಮ್ ನಂಬರ್ ಕೊಟ್ಟವರಿಗೆ ಅದೂ ಬರಲ್ಲ. ಹಾಗಾಗಿ ಮಾರುವ ಯೋಚನೆ ಇಲ್ಲದ ದಿನವೇ ಒಮ್ಮೆ ಇದನ್ನು ಮಾಡಿ ನೋಡಿಕೊಳ್ಳಿ.

ಇನ್ನೊಂದು ದಾರಿ ಡಿಡಿಪಿಐ ಅನ್ನುವ ಒಪ್ಪಿಗೆ ಪತ್ರ. ಒಮ್ಮೆ ಸಹಿ ಹಾಕಿದರೆ, ನೀವು ಮಾರಿದ ಷೇರನ್ನು ಬ್ರೋಕರೇ ತೆಗೆದು ಕೊಡುತ್ತಾನೆ. ಮೊದಲಿದ್ದ ಪವರ್ ಆಫ್ ಅಟಾರ್ನಿಯಷ್ಟು ಅಗಲವಾದ ಅಧಿಕಾರ ಇದಲ್ಲ, ನಾಲ್ಕೇ ಕೆಲಸಕ್ಕೆ ಮೀಸಲು. ವಾರಕ್ಕೆ ಎರಡು ಮೂರು ಸಲ ಮಾರುವವರು ಕೊಡಲಿ. ವರ್ಷಕ್ಕೆ ಎರಡು ಸಲ ಮಾರುವವರು ಟಿಪಿನ್ನಿನಲ್ಲೇ ಇರಿ, ಆ ತೊಂದರೆಯೇ ಒಂದು ಬೀಗ.

ಈಗ ಭಾವಮೈದನ ಲೆಕ್ಕ. ಸೋಮವಾರ 412 ರೂಪಾಯಿಯಂತೆ 100 ಷೇರು ಕೊಂಡ, 41,200 ಹೋಯಿತು. ಮಂಗಳವಾರ ಬೆಳಿಗ್ಗೆ 430ಕ್ಕೆ ಏರಿತು. ಷೇರಿನ ಪಕ್ಕ `T1` ಅಂತ ಇತ್ತು, ಆದರೂ ಆಪು ಮಾರಲು ಬಿಟ್ಟಿತು. ಮಾರಿದ, 43,000. ಇದಕ್ಕೆ ಬಿಟಿಎಸ್‌ಟಿ ಅನ್ನುತ್ತಾರೆ, ಇವತ್ತು ಕೊಂಡು ನಾಳೆ ಮಾರುವುದು. ಹೆಚ್ಚಿನ ಸಲ ಏನೂ ಆಗಲ್ಲ. ಮಂಗಳವಾರ ಸಂಜೆ ಬಂದ ಷೇರು ಬುಧವಾರ ಬೆಳಿಗ್ಗೆ ಹೋಗುತ್ತದೆ, ಮುಗಿಯಿತು.

ಆದರೆ ಸೋಮವಾರ ಅವನಿಗೆ ಮಾರಿದವನು ಯಾರೋ, ಅವನ ಹತ್ತಿರ ಷೇರೇ ಇರಲಿಲ್ಲ. ಇಲ್ಲದ ಷೇರನ್ನು ಬೆಳಿಗ್ಗೆ ಮಾರಿ ಮಧ್ಯಾಹ್ನ ವಾಪಸ್ ಕೊಳ್ಳುವ ಆಟ ಅದು. ಆ ದಿನ ಷೇರು ಅಪ್ಪರ್ ಸರ್ಕ್ಯೂಟ್, ಅಂದರೆ ಒಂದು ದಿನಕ್ಕೆ ಬೆಲೆ ಏರಬಹುದಾದ ಮಿತಿ, ಹತ್ತಿ ಕೂತಿತ್ತು, ಮಾರುವವರೇ ಇರಲಿಲ್ಲ, ಅವನಿಗೆ ವಾಪಸ್ ಕೊಳ್ಳಲು ಆಗಲಿಲ್ಲ. ಮಂಗಳವಾರ ಅವನು ಷೇರು ಕೊಡಲಿಲ್ಲ. ಕ್ಲಿಯರಿಂಗ್ ಕಾರ್ಪೊರೇಷನ್ ಆವತ್ತೇ ಹರಾಜಿನಲ್ಲಿ ಷೇರು ಹುಡುಕಿತು. ಹರಾಜಿನ ಷೇರು ಬರುವುದು ಮಾರನೇ ದಿನ, ಬುಧವಾರ ಮಧ್ಯಾಹ್ನದ ಮೇಲೆ. ಭಾವಮೈದ ತಾನು ಮಾರಿದ್ದನ್ನು ಕೊಡಬೇಕಾಗಿದ್ದದ್ದು ಬುಧವಾರ ಬೆಳಿಗ್ಗೆ. ಕೊಡಲು ಏನೂ ಇರಲಿಲ್ಲ. ಹಾಗಾಗಿ ಬುಧವಾರ ಅವನ ಹೆಸರಲ್ಲಿ ಇನ್ನೊಂದು ಹರಾಜು. ಅಲ್ಲಿ 455ರ ಬೆಲೆಗೆ ಸಿಕ್ಕಿತು. 45,500 ಅವನ ಲೆಕ್ಕಕ್ಕೆ.

ಕೂಡಿ ಕಳೆದರೆ 43,700 ಕೈಬಿಟ್ಟಿತ್ತು, ತಡವಾಗಿ ಬಂದ 100 ಷೇರು ಉಳಿದಿತ್ತು. ಗುರುವಾರ ಬೆಲೆ 428. ಮಾರಿದ, 42,800 ಬಂತು. ಸಾವಿರದ ಎಂಟುನೂರು ಲಾಭ ಅಂದದ್ದು ಒಂಬೈನೂರು ನಷ್ಟ ಆಯಿತು, ಅದರ ಮೇಲೆ ಶುಲ್ಕಗಳು. ಹರಾಜಿನಲ್ಲೂ ಷೇರು ಸಿಗದಿದ್ದರೆ ಆ ದಿನದ ಮುಕ್ತಾಯದ ಬೆಲೆಯ ಮೇಲೆ ಶೇಕಡ 20 ಸೇರಿಸಿ ಹಣದಲ್ಲೇ ವಸೂಲಿ ಆಗುವುದೂ ಉಂಟು. ತಪ್ಪು ಮೊದಲಿನವನದಾದರೂ ನಿಮ್ಮ ಪಾಲಿನದನ್ನು ನೀವೇ ಕಟ್ಟಬೇಕು.

ನಾನು ಹೇಳುವುದು ಇಷ್ಟು: `T1` ಹೋಗುವವರೆಗೆ ಮಾರಬೇಡಿ. ಸಣ್ಣ ಕಂಪನಿಗಳಲ್ಲಿ, ಸರ್ಕ್ಯೂಟ್ ಹತ್ತಿದ ಷೇರಿನಲ್ಲಿ ಅಂತೂ ಮುಟ್ಟಲೇಬೇಡಿ. ಕೊಂಡ ಮಾರನೇ ದಿನ ರಾತ್ರಿಯಾದರೂ ಷೇರು ಡಿಪಾಸಿಟರಿಯ ಪುಟದಲ್ಲಿ ಕಾಣದಿದ್ದರೆ, ಹಣವೂ ವಾಪಸ್ ಬಂದಿಲ್ಲದಿದ್ದರೆ, ಅದು ಹರಾಜಿಗೆ ಹೋಗಿದೆ ಅಂತ ಊಹಿಸಬಹುದು. ಇನ್ನೊಂದು ದಿನ ಕಾಯಿರಿ.

ಐದನೆಯದು, ಹಣ. ಮಾರಿದ ಹಣ ಬ್ರೋಕರಿನ ಹತ್ತಿರ ಇರುವ ನಿಮ್ಮ ಟ್ರೇಡಿಂಗ್ ಖಾತೆಗೆ ಮಾರನೇ ಕೆಲಸದ ದಿನ ಬರುತ್ತದೆ. ಬ್ಯಾಂಕಿಗೆ ಬೇಕಾದರೆ `Withdraw` ನೀವೇ ಒತ್ತಬೇಕು. ಒಂದು ಕಂಪನಿಯ ಷೇರು ಒಂದು ದಿನ ಎಷ್ಟೇ ಮಾರಿದರೂ ಡಿಪಿ ಶುಲ್ಕ ಒಂದೇ ಸಲ. ಐದು ಷೇರನ್ನು ದಿನಕ್ಕೊಂದರಂತೆ ಐದು ದಿನ ಮಾರಿದರೆ ಐದು ಸಲ ಕಟ್ಟುತ್ತೀರಿ. ಸುಮ್ನೆ ದಂಡ.

ಡಿವಿಡೆಂಡ್ ಆಸೆಗೆ ಕೊಳ್ಳುವವರಿಗೂ ಇದೇ ಲೆಕ್ಕ. ಡಿವಿಡೆಂಡ್ ಯಾರಿಗೆ ಅಂತ ಕಂಪನಿ ಪಟ್ಟಿ ನೋಡುವ ದಿನವೇ ರೆಕಾರ್ಡ್ ಡೇಟ್. ಅದು ಗುರುವಾರ ಇದ್ದರೆ ಬುಧವಾರದೊಳಗೆ ಕೊಂಡಿರಬೇಕು. ಗುರುವಾರ ಬೆಳಿಗ್ಗೆ ಕೊಂಡರೆ ಷೇರು ಬರುವುದು ಶುಕ್ರವಾರ, ಡಿವಿಡೆಂಡ್ ಹಳೇ ಮಾಲೀಕನಿಗೆ.

ಎಣಿಸುವಾಗ ನಮ್ಮ ಕ್ಯಾಲೆಂಡರ್ ನೋಡಬೇಡಿ, ಮುಂಬೈಯದು ನೋಡಿ. ರಾಜ್ಯೋತ್ಸವಕ್ಕೆ ಇಲ್ಲಿ ರಜೆ ಇದ್ದರೂ ಪೇಟೆಗೆ ಅದರ ಲೆಕ್ಕವಿಲ್ಲ. ಅದೇ ಫೆಬ್ರವರಿ 19ರ ಶಿವಾಜಿ ಜಯಂತಿ, ಏಪ್ರಿಲ್ 1ರ ಬ್ಯಾಂಕ್ ಲೆಕ್ಕ ಮುಗಿಸುವ ದಿನ ಇವೆಯಲ್ಲ, ಆವತ್ತು ಪೇಟೆ ತೆರೆದಿದ್ದರೂ ಅಲ್ಲಿ ಬ್ಯಾಂಕ್ ಇರಲ್ಲ, ಷೇರೂ ಹಣವೂ ಕೈ ಬದಲಾಗಲ್ಲ. ಮಾರ್ಚ್ 31ಕ್ಕೆ ಪೇಟೆ ನಡೆದು ನೀವು ಕೊಂಡಿದ್ದರೆ `T1` ಏಪ್ರಿಲ್ 2ರವರೆಗೂ ಹಾಗೇ ಕೂತಿರುತ್ತದೆ.